ಅರ್ಧ ನಿಮಿಷದಲ್ಲಿ ಅಕ್ಷಯ ತದಿಗೆ

ನಮ್ಮ ಆರ್ಜೆ ಒಂದು ಹಾಳೆ ಹಿಡಿದುಕೊಂಡು ಬಂದ. ಚಿನ್ನದಂಗಡಿಯೊಂದರ ಅಕ್ಷಯ ತದಿಗೆ ರೇಡಿಯೋ ಜಾಹೀರಾತು, ಮೂವತ್ತು ಸೆಕೆಂಡಿನದು. ಸ್ಕ್ರಿಪ್ಟ್ ಬರೆದಿದ್ದು ಸ್ವತಃ ಅಂಗಡಿ ಸಾಹುಕಾರರು. ಮೇಷ್ಟ್ರು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದರು, ಅವನು ಓದಿದ. ಲಕ್ಷ್ಮೀ ಸ್ತುತಿ ಮುಗಿಯುವಷ್ಟರಲ್ಲೇ ಹನ್ನೆರಡು ಸೆಕೆಂಡು. ಅಂಗಡಿಯ ಎರಡು ಫೋನ್ ನಂಬರ್ ಬರುವ ಹೊತ್ತಿಗೆ ಒಂದು ನಿಮಿಷ ದಾಟಿತ್ತು.

"ಸ್ಕೂಟರ್ ಓಡಿಸ್ತಾ ರೇಡಿಯೋ ಕೇಳೋನು ಹತ್ತು ಅಂಕಿ ಎಲ್ಲಿ ಬರ್ಕೋತಾನೆ, ಹೆಲ್ಮೆಟ್ ಮೇಲಾ?" ಅಂದರು ಮೇಷ್ಟ್ರು.

ಲೆಕ್ಕ ಸರಳ. ಶುರುವಿನ ಸದ್ದಿಗೆ ಮೂರು ಸೆಕೆಂಡು, ಕೊನೆಯ ಜಿಂಗಲ್‌ಗೆ ನಾಲ್ಕೈದು. ಮಾತಿಗೆ ಉಳಿಯೋದು ಇಪ್ಪತ್ತೆರಡು. ಕನ್ನಡದ ಪದಗಳಿಗೆ ಬಾಲ ಜಾಸ್ತಿ, ಸೆಕೆಂಡಿಗೆ ಎರಡರಂತೆ ಓದಿದರೇನೇ ಕಿವಿಗೆ ಹಿತ. ಅಂದರೆ ನಲವತ್ತು, ನಲವತ್ತೈದು ಪದ, ಅಷ್ಟೇ.

ಶುರುವಿನ ಸದ್ದು ಅಂತ ಸಾಹುಕಾರರು ಬರೆದಿದ್ದು 'ಗೆಜ್ಜೆಯ ನಾದ'. ಅಕ್ಕ ನಕ್ಕುಬಿಟ್ಟಳು. ಅವಳು ಒಡವೆ ಅಂಗಡಿಯಲ್ಲೇ ಲೆಕ್ಕ ಬರೆದವಳು. "ಚಿನ್ನ ಕಾಲಿಗೆ ಹಾಕಬಾರದು ಅಂತಾರೆ ನಮ್ಮಲ್ಲಿ. ಗೆಜ್ಜೆ ಬೆಳ್ಳೀದು ಕಣೋ. ಚಿನ್ನದ ಜಾಹೀರಾತಿಗೆ ಬೆಳ್ಳಿ ಸದ್ದು ಹಾಕಿ ಕೂರ್ತೀರಾ?" ಗೆಜ್ಜೆ ಹೋಯಿತು, ಬಳೆ ಬಂತು.

ಆಮೇಲೆ ಬಂತು ದೊಡ್ಡ ಸಾಲು: 'ಐವತ್ತು ಪರ್ಸೆಂಟ್ ರಿಯಾಯಿತಿ! ಮೇಕಿಂಗ್ ಚಾರ್ಜ್ ಮೇಲೆ. ಷರತ್ತುಗಳು ಅನ್ವಯ.' ಮೊದಲ ಮೂರು ಪದ ಗಂಟೆ ಹೊಡೆದ ಹಾಗೆ, ಮಿಕ್ಕಿದ್ದು ಗಾಳಿಯಲ್ಲಿ ಸುಯ್ಯನೆ. ಪೇಪರಲ್ಲಾದರೆ ಇನ್ನೊಮ್ಮೆ ಓದಬಹುದು. ಕಿವಿಗೆ ಆ ಅನುಕೂಲ ಇಲ್ಲ, ಐವತ್ತು ಹಿಡಿದುಕೊಳ್ಳುತ್ತೆ, ಯಾವುದರ ಮೇಲೆ ಅನ್ನೋದನ್ನು ಬಿಟ್ಟುಬಿಡುತ್ತೆ.

"ಜನ ಬಂದು ಬಿಲ್ ನೋಡಿ ಕೌಂಟರಲ್ಲಿ ಜಗಳ ಆಡೋದು ಇದಕ್ಕೇ" ಅಂದಳು ಅಕ್ಕ. ಪೆನ್ನು ಕಸಿದುಕೊಂಡು ಬರೆದೇಬಿಟ್ಟಳು. ಗ್ರಾಂಗೆ ಹತ್ತು ಸಾವಿರ ಅಂತಿಟ್ಟುಕೊಳ್ಳಿ. ಇಪ್ಪತ್ತು ಗ್ರಾಂ ಸರಕ್ಕೆ ಚಿನ್ನವೇ ಎರಡು ಲಕ್ಷ. ಮಜೂರಿ, ಅದೇ ಮೇಕಿಂಗ್ ಚಾರ್ಜ್, ಶೇಕಡ 18 ಅಂದರೆ 36,000. ಅದರಲ್ಲಿ ಅರ್ಧ ಬಿಟ್ಟರೆ 18,000 ಉಳಿತಾಯ. ಸೇರಿಸಿ 2,18,000, ಅದಕ್ಕೆ ಶೇಕಡ 3 ಜಿಎಸ್‌ಟಿ 6,540. ಒಟ್ಟು 2,24,540. ಪಕ್ಕದ ಅಂಗಡಿಯವನು ಯಾವ ಆಫರೂ ಇಲ್ಲದೆ ಮಜೂರಿ ಶೇಕಡ 9 ಹಾಕಿದರೂ ಬಿಲ್ಲು ಇಷ್ಟೇ.

"ಅಂದ್ರೆ ಮೊದಲು ಏರಿಸಿ ಆಮೇಲೆ ಇಳಿಸೋದಾ?" ಅಂತ ನಾನು ಕೇಳಿದೆ.

"ಎಲ್ಲರೂ ಅಲ್ಲ. ಆದ್ರೆ ಅರ್ಧ ಬಿಡ್ತೀವಿ ಅಂದೋರನ್ನ, ಪೂರ್ತಿ ಎಷ್ಟಿತ್ತು ಅಂತ ಕೇಳ್ಬೇಕು ತಾನೇ."

ಇವತ್ತಿನ ದರ ಹೇಳಿಬಿಡೋಣ ಅಂದ ಆರ್ಜೆ. ಆಗದು. ರೆಕಾರ್ಡ್ ಮಾಡಿದ್ದು ವಾರಗಟ್ಟಲೆ ಓಡುತ್ತೆ, ಚಿನ್ನದ ದರ ದಿನಾ ಬದಲಾಗುತ್ತೆ. ಅದರ ಬದಲು ಮುಂಗಡ ಬುಕಿಂಗ್ ಹೇಳಿದರೆ ಎಷ್ಟು ದಿನ ಓಡಿದರೂ ಸುಳ್ಳಾಗಲ್ಲ, ತದಿಗೆ ದಿನದ ನೂಕುನುಗ್ಗಲೂ ಕಮ್ಮಿ. ಕೊನೆಗೆ ಹೀಗೆ ಬಂತು:

(ಬಳೆ ಸದ್ದು)
ಅತ್ತೆ: ತದಿಗೆ ದಿನ ರೇಟು ಏರಿಬಿಟ್ರೆ ಏನಮ್ಮಾ ಮಾಡ್ತೀಯ?
ಸೊಸೆ: ಮುಂಗಡ ಕೊಟ್ಟು ಬುಕ್ ಮಾಡಿದೀನಿ ಅತ್ತೆ. ಏರಿದ್ರೆ ಬುಕ್ ಮಾಡಿದ ದಿನದ ರೇಟು, ಇಳಿದ್ರೆ ಅವತ್ತಿನ ರೇಟು.
ಅತ್ತೆ: ಮತ್ತೆ ಮಜೂರಿ?
ಸೊಸೆ: ಮಜೂರಿಯಲ್ಲಿ ಅರ್ಧ ಬಿಡ್ತಾರೆ. ಚಿನ್ನದ ಬೆಲೆಯಲ್ಲಲ್ಲ, ಮಜೂರಿಯಲ್ಲಿ.
ದನಿ: ಬುಕಿಂಗ್ ತದಿಗೆಯ ಹಿಂದಿನ ದಿನದವರೆಗೆ ಮಾತ್ರ. ಕಲ್ಲಿನ ಒಡವೆಗೆ, ನಾಣ್ಯಕ್ಕೆ ಈ ಆಫರ್ ಇಲ್ಲ.
(ಜಿಂಗಲ್, ಅಂಗಡಿ ಹೆಸರು)

ಷರತ್ತನ್ನೂ ಅದೇ ವೇಗದಲ್ಲಿ, ಅದೇ ಕನ್ನಡದಲ್ಲಿ ಓದಬೇಕು ಅಂತ ಮೇಷ್ಟ್ರ ಹಟ. ಅದು ಬರೀ ಅವರ ಹಟವೂ ಅಲ್ಲ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲೂ ಇದೆ: ಆಫರ್ ಹೇಳಿದ ಭಾಷೆಯಲ್ಲೇ ಷರತ್ತೂ ಇರಬೇಕು, ಮುಖ್ಯ ವಿಷಯ ಮುಚ್ಚಿಡೋಕೆ ಅದನ್ನು ಬಳಸಬಾರದು.

ಹಾಲ್‌ಮಾರ್ಕ್ ವಿಷಯ ಬೇಡವಾ ಅಂದೆ. "ಅದು 2023ರ ಏಪ್ರಿಲ್‌ನಿಂದ ಎಚ್‌ಯುಐಡಿ ಅನ್ನೋ ಆರು ಅಂಕಿ-ಅಕ್ಷರದ ಗುರುತಿನ ಸಮೇತ ಕಡ್ಡಾಯ. ಕಡ್ಡಾಯ ಇರೋದನ್ನ ನಮ್ಮ ವಿಶೇಷ ಅಂತ ಕೂಗೋದು ಯಾಕೆ?" ಅಂತ ಅಕ್ಕ ಹೊಡೆದುಹಾಕಿದಳು.

ಸಾಹುಕಾರರಿಗೆ ಫೋನಲ್ಲೇ ಓದಿ ಕೇಳಿಸಿದೆವು. ಎಲ್ಲಾ ಹಿಡಿಸಿತು. "ಆದ್ರೆ ಆ 'ಚಿನ್ನದ ಬೆಲೆಯಲ್ಲಲ್ಲ' ಅನ್ನೋದಿದೆಯಲ್ಲ, ಸೊಸೆ ಸ್ವಲ್ಪ ಮೆಲ್ಲಗೆ ಹೇಳ್ಲಿ" ಅಂದರು.

ಅಕ್ಕ ಸುಮ್ನೆ ಪೆನ್ನು ತಗೊಂಡು ಆ ಸಾಲನ್ನು ಅತ್ತೆ ಬಾಯಿಗೆ ವರ್ಗಾಯಿಸಿದಳು. "ಈಗ ಮೆಲ್ಲಗೆ ಹೇಳಿಸಲಿ ನೋಡೋಣ!"