72 ಲಕ್ಷ ಲಾಭ, ಬ್ಯಾಂಕಿನಲ್ಲಿ 8 ಲಕ್ಷ: ಈ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಹೇಗೆ ಓದುವುದು?

ಸುಮಾ_ಪೀಣ್ಯ

ನಮ್ಮ ಚಿಕ್ಕಪ್ಪ ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡ್ ಮಾಡುವ ಕಂಪನಿ ನಡೆಸುತ್ತಾರೆ. ಹೋದ ವರ್ಷ ವ್ಯಾಪಾರ 6 ಕೋಟಿಯಿಂದ 9 ಕೋಟಿಗೆ ಏರಿತು. ಲಾಭವೂ ಬಂತು. ಆದರೆ ಈ ತಿಂಗಳು ಸಂಬಳ ಕೊಡಲು ಕೈಸಾಲ ಮಾಡಬೇಕಾಯಿತು. ಯಾರೋ ದುಡ್ಡು ತೆಗೆದಿದ್ದಾರೆ ಅಂತ ಮನೆಯಲ್ಲಿ ಮಾತು ಶುರುವಾಗಿದೆ. ಆಡಿಟರ್ ಕೊಟ್ಟಿದ್ದು ಇದು, ಲಕ್ಷ ರೂಪಾಯಿಗಳಲ್ಲಿ:

```
ತೆರಿಗೆಗೆ ಮುಂಚಿನ ಲಾಭ         72
ಸವಕಳಿ                     +18
ಬಡ್ಡಿ                       +24
ಗಿರಾಕಿಗಳ ಬಾಕಿ ಏರಿಕೆ        -125
ಸ್ಟಾಕ್ ಏರಿಕೆ                 -45
ಸಪ್ಲೈಯರ್ ಬಾಕಿ ಏರಿಕೆ         +30
ಕಟ್ಟಿದ ಆದಾಯ ತೆರಿಗೆ           -18
ವ್ಯವಹಾರದಿಂದ ಬಂದ ನಗದು      -44
ಹೊಸ ಮೆಷಿನ್                 -40
ಹೊಸ ಸಾಲ                   +70
ಸಾಲದ ಕಂತು                 -12
ಕಟ್ಟಿದ ಬಡ್ಡಿ                  -24
ಒಟ್ಟು ಬದಲಾವಣೆ              -50
ನಗದು: ಮೊದಲು 58, ಈಗ 8
```

ಲೇತ್_ಮಂಜು

ಉತ್ತರ ಅಲ್ಲೇ ಇದೆ ಅಲ್ವಾ? 40 ಲಕ್ಷದ ಮೆಷಿನ್ ತಗೊಂಡಿದ್ದಾರೆ. ಲಾಭದ ಲೆಕ್ಕದಲ್ಲಿ ಅದು ಒಂದೇ ಸಲ ಖರ್ಚಾಗಿ ಕಾಣುವುದಿಲ್ಲ, ವರ್ಷ ವರ್ಷ ಸವಕಳಿಯಾಗಿ ಬರುತ್ತದೆ. ದುಡ್ಡು ಮಾತ್ರ ಮೊದಲೇ ಹೋಗಿರುತ್ತದೆ.

ಹಳೇ_ಲೆಡ್ಜರ್

ಮಂಜು ಅವರು ಸವಕಳಿ ಬಗ್ಗೆ ಹೇಳಿದ್ದು ಸರಿ. ಆದರೆ ಮೆಷಿನ್ ಕಾರಣ ಅಲ್ಲ. ಅದನ್ನು ಕೊಳ್ಳದೇ ಇದ್ದಿದ್ದರೂ ವ್ಯವಹಾರದ ಸಾಲು ಮೈನಸ್ 44 ಆಗಿಯೇ ಇರುತ್ತಿತ್ತು. ಅಂದರೆ ದಿನನಿತ್ಯದ ವ್ಯಾಪಾರವೇ ದುಡ್ಡು ತಿಂದಿದೆ. ಸುಮಾ ಅವರೇ, ಮೊದಲು ನೋಡಬೇಕಾದ ಸಾಲು ಅದು.

ಈಗ ಮೇಲಕ್ಕೆ ಹೋಗಿ. ಸವಕಳಿಗೆ ನಗದು ಹೋಗುವುದಿಲ್ಲ, ಬಡ್ಡಿಯನ್ನು ಕೆಳಗೆ ಬೇರೆಯಾಗಿ ಕಳೆದಿದ್ದಾರೆ, ಹಾಗಾಗಿ ಎರಡನ್ನೂ ಲಾಭಕ್ಕೆ ವಾಪಸ್ ಸೇರಿಸುತ್ತಾರೆ. 72, 18, 24 ಕೂಡಿದರೆ 114. ಎಲ್ಲರೂ ನಗದು ಕೊಟ್ಟು ಕೊಂಡು, ಮಾರಿ ಮುಗಿಸಿದ್ದರೆ ಇಷ್ಟು ಕೈಗೆ ಬರಬೇಕಿತ್ತು. ಗಿರಾಕಿಗಳ ಬಾಕಿ ಒಂದೇ ಅದಕ್ಕಿಂತ ಜಾಸ್ತಿ ನುಂಗಿದೆ. ಬಿಲ್ ಹಾಕಿದ ದಿನವೇ ಲಾಭ ಪುಸ್ತಕಕ್ಕೆ ಬರುತ್ತದೆ, ಚೆಕ್ ಯಾವಾಗ ಬಂತು ಅಂತ ಆ ಪುಸ್ತಕ ಕೇಳುವುದಿಲ್ಲ. ಹಾಗಾಗಿ ಯಾರನ್ನೂ ಅನುಮಾನಿಸುವ ಮೊದಲು ಬ್ಯಾಲೆನ್ಸ್ ಶೀಟ್ ತೆಗೆಯಿರಿ. ಹೋದ ವರ್ಷದ ಶುರುವಿಗೆ ಗಿರಾಕಿಗಳ ಬಾಕಿ ಎಷ್ಟಿತ್ತು, ಈಗ ಎಷ್ಟು?

ಸುಮಾ_ಪೀಣ್ಯ

ಆಗ 100 ಲಕ್ಷ, ಈಗ 225 ಲಕ್ಷ ಸರ್. ಆದರೆ ವ್ಯಾಪಾರ ಒಂದೂವರೆ ಪಟ್ಟು ಆಯಿತಲ್ಲ, ಬಾಕಿಯೂ ಏರಲೇಬೇಕು ಅಂತಾರೆ ಚಿಕ್ಕಪ್ಪ.

ಹಳೇ_ಲೆಡ್ಜರ್

ಅವರ ಮಾತು 50 ಲಕ್ಷದ ಮಟ್ಟಿಗೆ ನಿಜ. ಒಂದೂವರೆ ಪಟ್ಟು ವ್ಯಾಪಾರಕ್ಕೆ ಬಾಕಿ 150 ಆಗಬೇಕಿತ್ತು. ಅದರ ಮೇಲಿನ 75 ಲಕ್ಷ ಬೆಳವಣಿಗೆಯದ್ದಲ್ಲ, ತಡವಾಗಿ ಬರುತ್ತಿರುವ ದುಡ್ಡು. ಬಾಕಿಯನ್ನು ವ್ಯಾಪಾರದಿಂದ ಭಾಗಿಸಿ 365ರಿಂದ ಗುಣಿಸಿ ನೋಡಿ: 61 ದಿನ ಇದ್ದದ್ದು 91 ಆಗಿದೆ. ಗಿರಾಕಿಗಳು ಹಳೇ ವೇಗದಲ್ಲೇ ಕೊಟ್ಟಿದ್ದರೆ ಆ ಮೈನಸ್ 44, ಪ್ಲಸ್ 31 ಆಗುತ್ತಿತ್ತು.

ತೆರಿಗೆ_ಸಲಹೆ

ಒಂದು ತಿದ್ದುಪಡಿ. ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ವ್ಯಾಪಾರದ ಅಂಕಿಯಲ್ಲಿ ಇರುವುದಿಲ್ಲ. 18 ಶೇಕಡಾ ತೆಗೆದರೆ ಸುಮಾರು 52 ದಿನದಿಂದ 77 ದಿನಕ್ಕೆ ಹೋಗಿದೆ. ತೀರ್ಮಾನ ಬದಲಾಗುವುದಿಲ್ಲ.

ಇನ್ನೊಂದು ನೋವು ಇಲ್ಲೇ ಇದೆ. ಆ 225ರಲ್ಲಿ ಸುಮಾರು 34 ಲಕ್ಷ ಸರ್ಕಾರದ ತೆರಿಗೆ. ತಿಂಗಳ ರಿಟರ್ನ್ ಹಾಕುವವರು ಬಿಲ್ ಹಾಕಿದ ಮುಂದಿನ ತಿಂಗಳ 20ರೊಳಗೆ, ತಾವು ಕೊಂಡ ಮಾಲಿನ ಮೇಲೆ ಕೊಟ್ಟ ತೆರಿಗೆ, ಅಂದರೆ ಇನ್‌ಪುಟ್ ಕ್ರೆಡಿಟ್, ಕಳೆದು ಉಳಿದದ್ದನ್ನು ಕಟ್ಟಲೇಬೇಕು. ಗಿರಾಕಿ ಕೊಡುವವರೆಗೆ ಕಾಯಲು ಆಗುವುದಿಲ್ಲ.

ಗಾರೆ_ಬಸಣ್ಣ

ನಮ್ಮದು ಕಟ್ಟಡದ ಕಾಂಟ್ರಾಕ್ಟ್. ಪ್ರತಿ ಬಿಲ್ಲಲ್ಲೂ ಒಂದಿಷ್ಟು ಹಿಡಿದುಕೊಂಡು ಕೆಲಸ ಮುಗಿದು ಎಷ್ಟೋ ತಿಂಗಳಾದ ಮೇಲೆ ಕೊಡುತ್ತಾರೆ. ಇದಕ್ಕೆ ಓವರ್‌ಡ್ರಾಫ್ಟ್ ಲಿಮಿಟ್ ಏರಿಸಿಕೊಳ್ಳೋದು ಒಳ್ಳೇದು. ನಾವು ಹಾಗೇ ಮಾಡಿದ್ವಿ.

ಹಳೇ_ಲೆಡ್ಜರ್

ಬಸಣ್ಣನವರೇ, ಹಿಡಿದಿಟ್ಟ ಹಣದ ಮಾತು ಇಲ್ಲಿಗೂ ಹೊಂದಬಹುದು, ಪ್ಯಾನೆಲ್ ಚಾಲೂ ಮಾಡಿಕೊಟ್ಟ ಮೇಲೆ ಕೊನೇ ಕಂತು ಕೊಡುವ ಪದ್ಧತಿ ಇದೆ. ಆದರೆ ಲಿಮಿಟ್ ಏರಿಸುವುದನ್ನು ನಾನು ಈಗಲೇ ಹೇಳುವುದಿಲ್ಲ. ಸಾಲ ಈಗಾಗಲೇ 70 ಬಂದಿದೆ, ಮೆಷಿನ್‌ಗೆ ಹೋಗಿದ್ದು 40. ಉಳಿದ 30 ಎಲ್ಲಿಗೆ ಹೋಯಿತು? ಗಿರಾಕಿಗಳ ತಡವನ್ನು ತುಂಬಲು. ಸಪ್ಲೈಯರ್‌ಗಳ 30 ಕೂಡ ಹಾಗೇ. ತಾಮ್ರದ ಬಸ್‌ಬಾರ್ ಕೊಡುವವರು ಕೈಬಿಟ್ಟರೆ ಆ ಆಸರೆಯೂ ಹೋಗುತ್ತದೆ.

ಸುಮಾ ಅವರೇ, ಬಾಕಿ ಪಟ್ಟಿಯನ್ನು ಬಿಲ್‌ಗಳ ವಯಸ್ಸಿನ ಪ್ರಕಾರ ತೆಗೆಸಿ. 60 ದಿನದೊಳಗೆ, 60ರಿಂದ 120, 120 ದಾಟಿದ್ದು. ಹಿಡಿದಿಟ್ಟ ಕೊನೇ ಕಂತನ್ನು ಬೇರೆ ಬರೆಯಿರಿ.

ಸುಮಾ_ಪೀಣ್ಯ

ತೆಗೆಸಿದೆ. 120 ದಿನ ದಾಟಿದ್ದು 62 ಲಕ್ಷ. ಅದರಲ್ಲಿ 48 ಒಬ್ಬರೇ ದೊಡ್ಡ ಗಿರಾಕಿಯದ್ದು. ಅದು ಹಿಡಿದಿಟ್ಟ ಕಂತಲ್ಲ, ಮಾಮೂಲಿ ಬಿಲ್. ಹೊಸ ಆರ್ಡರ್‌ಗಳಲ್ಲಿ ಅರ್ಧ ಅವರದ್ದೇ, ಜೋರು ಮಾಡಿದರೆ ಕಳೆದುಕೊಳ್ಳುತ್ತೇವೆ ಅಂತ ಚಿಕ್ಕಪ್ಪನಿಗೆ ಭಯ.

ಹಳೇ_ಲೆಡ್ಜರ್

ಭಯ ಅರ್ಥವಾಗುತ್ತದೆ. ಆದರೆ ಆ 48 ಬರದೇ ಹೋದರೆ 72 ಲಕ್ಷ ಲಾಭ 24ಕ್ಕೆ ಇಳಿಯುತ್ತದೆ. ಹೊಸ ಆರ್ಡರ್‌ಗೆ ಮುಂಗಡ ಕೇಳಿ ನೋಡಲಿ. ಕೊಡಲು ಮನಸ್ಸಿಲ್ಲವೋ, ಅವರ ಹತ್ತಿರವೇ ದುಡ್ಡಿಲ್ಲವೋ ಅನ್ನುವುದು ಈ ಸ್ಟೇಟ್‌ಮೆಂಟ್‌ನಿಂದ ತಿಳಿಯದು. ಅವರದ್ದು ಕಂಪನಿಯಾಗಿದ್ದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ, ಅಂದರೆ ಎಂಸಿಎ, ಜಾಲತಾಣದಲ್ಲಿ ಶುಲ್ಕ ಕಟ್ಟಿ ಅವರ ಬ್ಯಾಲೆನ್ಸ್ ಶೀಟ್ ತೆಗೆಯಬಹುದು. ಸಿಕ್ಕರೆ ಇಲ್ಲಿ ಹಾಕಿ, ನೋಡೋಣ.