ಲಗೇಜಿಗೆ ಹಾಕಿದ ವೀಣೆಯ ಮೆಟ್ಟಿಲು ಜರುಗಿದೆ, ಯಾಳಿ ಸೀಳಿದೆ: ಮುಂದಿನ ಪ್ರಯಾಣಕ್ಕೆ ಏನು ಮಾಡಬೇಕು?

ತಿಪಟೂರಿನ ವೀಣಾಭ್ಯಾಸಿ:
ಕಳೆದ ಮೇ ತಿಂಗಳಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ನನ್ನ ವೀಣೆಯನ್ನು ಫೈಬರ್ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಹಾಕಿದ್ದೆ. ಪೆಟ್ಟಿಗೆಯ ಮೇಲೆ ಒಂದು ಗೀರೂ ಇರಲಿಲ್ಲ. ತೆರೆದು ನೋಡಿದರೆ ತುದಿಯಲ್ಲಿ ಕೆತ್ತಿದ ಯಾಳಿಯ ಮುಖವು ದಂಡಿಗೆ ಸೇರುವ ಬೆಸುಗೆಯ ಬಳಿ ಸೀಳು ಬಿಟ್ಟಿತ್ತು, 24 ಮೆಟ್ಟಿಲುಗಳ ಪೈಕಿ ಐದು ಓರೆಯಾಗಿದ್ದವು. ಈಗ ರಿಪೇರಿ ಮುಗಿದಿದೆ. ಆಗಸ್ಟ್‌ನಲ್ಲಿ ದೋಹಾ ಮಾರ್ಗವಾಗಿ ನ್ಯೂಯಾರ್ಕ್‌ಗೆ, ಮಗಳ ಮನೆಗೆ ಹೋಗಬೇಕು. ವೀಣೆಯ ಉದ್ದ 130 ಸೆಂ.ಮೀ. ಇದೆ. ಇದನ್ನು ಜೊತೆಯಲ್ಲೇ ಒಳಗೆ ಒಯ್ಯಲು ಸಾಧ್ಯವೇ?

ಗೌರಿಬಿದನೂರಿನ ಪಿಟೀಲು:
ಖಂಡಿತ ಸಾಧ್ಯವಿದೆ, ಮೇಡಂ. ವಾದ್ಯಗಳನ್ನು ಒಳಗೆ ಬಿಡಲೇಬೇಕೆಂದು ಅಮೆರಿಕದಲ್ಲಿ 2015ರಿಂದ ನಿಯಮವಿದೆ. ನನ್ನ ಪಿಟೀಲನ್ನು ಪ್ರತಿ ಸಲವೂ ಮೇಲಿನ ಲಗೇಜು ಗೂಡಿನಲ್ಲೇ ಇಡುತ್ತೇನೆ. ವೀಣೆಗಾದರೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಟಿಕೆಟ್ ತೆಗೆದುಬಿಡಿ.

ಕೋಲಾರದ ಕ್ರಿಕೆಟ್ ಬ್ಯಾಗು:
ಒಳಗೆ ಬಿಡುತ್ತಾರೆಂದು ನಂಬಿ ಹೋಗಬೇಡಿ. ನನ್ನ ಬ್ಯಾಟನ್ನು ಭದ್ರತಾ ತಪಾಸಣೆಯಲ್ಲಿ ತಡೆದು, ಲಗೇಜಿಗೆ ಹಾಕಲು ವಾಪಸ್ ಕಳುಹಿಸಿದರು. ಅಂದಿನಿಂದ ಬ್ಯಾಟನ್ನು ಪ್ಯಾಡುಗಳ ನಡುವೆ ಸುತ್ತಿ ಲಗೇಜಿಗೇ ಹಾಕುತ್ತೇನೆ, ಏನೂ ಆಗಿಲ್ಲ. ನೀವೂ ದಪ್ಪ ಸ್ಪಂಜು ತುಂಬಿ ಹಾಕಿಬಿಡಿ.

ತುಮಕೂರಿನ ವೀಣೆ ರಿಪೇರಿ:
ಬ್ಯಾಟನ್ನು ತಡೆಯುವುದು ಅದರಿಂದ ಹೊಡೆಯಬಹುದೆಂಬ ಕಾರಣಕ್ಕೆ. ವೀಣೆಯ ತೊಡಕು ಅಳತೆಯದು. ಅಮೆರಿಕದ ಆ ನಿಯಮ ಅಲ್ಲಿನ ವಿಮಾನ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆ, ಅದೂ ಹತ್ತುವ ಹೊತ್ತಿಗೆ ಗೂಡಿನಲ್ಲಿ ಜಾಗವಿದ್ದರೆ ಮಾತ್ರ. ದೋಹಾ ಮಾರ್ಗದ ಬೇರೆ ದೇಶದ ಕಂಪನಿಯ ಮೇಲೆ ಅದನ್ನು ಹೇರಲಾಗದು. ಇನ್ನೊಂದು ಸೀಟು ಕೊಳ್ಳಬಹುದು, ಆದರೆ ಒಂದೇ ಹೆಸರಿನ ಎರಡು ಟಿಕೆಟ್‌ಗಳನ್ನು ನಕಲು ಬುಕಿಂಗ್ ಎಂದು ರದ್ದುಮಾಡುವ ಅಪಾಯವಿದೆ. ಕಂಪನಿಗೆ ಫೋನ್ ಮಾಡಿ, ಸೀಟಿನ ಮೇಲಿಡುವ ಸಾಮಾನಿಗೆ ಬಳಸುವ `CBBG` ಎಂಬ ಗುರುತಿನಲ್ಲಿ ಬುಕ್ ಮಾಡಿಸಬೇಕು. ಅದಕ್ಕೂ ಮೊದಲು 130 ಸೆಂ.ಮೀ. ಎತ್ತರದ ವಸ್ತುವನ್ನು ಸೀಟಿನ ಮೇಲೆ ಒಪ್ಪುತ್ತಾರೆಯೇ ಎಂದು ಕೇಳಬೇಕು. ಅನೇಕ ಕಡೆ ಒಪ್ಪುವುದಿಲ್ಲ.

ಒಂದು ವಿಷಯ ತಿಳಿಸಿ. ಓರೆಯಾದ ಮೆಟ್ಟಿಲುಗಳ ಕೆಳಗೆ ಮೇಣ ಚೂರುಚೂರಾಗಿ ಎದ್ದಿತ್ತೋ, ಇಲ್ಲವೇ ಒತ್ತಿದಂತೆ ಹರಡಿತ್ತೋ?

ತಿಪಟೂರಿನ ವೀಣಾಭ್ಯಾಸಿ:
ಹರಡಿತ್ತು, ಚೂರಾಗಿರಲಿಲ್ಲ. ತಂತಿಗಳನ್ನು ಸಡಿಲಿಸಿರಲಿಲ್ಲ. ಮುಚ್ಚಳದ ಒಳಗೆ ಉದ್ದಕ್ಕೂ ಸ್ಪಂಜು ಇತ್ತು.

ತುಮಕೂರಿನ ವೀಣೆ ರಿಪೇರಿ:
ಹಾಗಾದರೆ ಕಾರಣ ಹೊರಗಿನ ಪೆಟ್ಟಿಗಿಂತ ಹೆಚ್ಚಾಗಿ ಪೆಟ್ಟಿಗೆಯ ಒಳಗೇ ಇದೆ. ನಿಲ್ದಾಣದ ಬಿಸಿಲಿನಲ್ಲಿ ಲಗೇಜು ಕಾದಾಗ ಜೇನುಮೇಣ ಮೆತ್ತಗಾಗುತ್ತದೆ. ಆಗ ಮುಚ್ಚಳದ ಸ್ಪಂಜು ತಂತಿಗಳನ್ನು ಮೆಟ್ಟಿಲುಗಳ ಮೇಲೆ ಅದುಮಿದೆ. ಚಳಿಗೆ ಗಡುಸಾದ ಮೇಣಕ್ಕೆ ಪೆಟ್ಟು ಬಿದ್ದಿದ್ದರೆ ಅದು ಚೂರಾಗಿರುತ್ತಿತ್ತು. ಯಾಳಿಯ ಸೀಳಿಗೆ, ಅದರ ತುದಿ ಪೆಟ್ಟಿಗೆಯ ಗೋಡೆಗೆ ತಾಗಿದ್ದು ಕಾರಣವಿರಬೇಕು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕುಕ್ಕಿದಾಗ ಇಡೀ ವೀಣೆಯ ಭಾರ ಆ ಬೆಸುಗೆಯ ಮೇಲೆ ಬಿದ್ದಿದೆ.

ಭಾರವನ್ನು ಕೊಡವೂ ದಂಡಿಯ ತಳವೂ ಹೊರಬೇಕು, ಯಾಳಿಯ ಸುತ್ತ ಎಲ್ಲ ಕಡೆಯೂ ಎರಡು ಬೆರಳು ಖಾಲಿ ಇರಬೇಕು. ಮೆತ್ತನೆಯ ಸ್ಪಂಜು ಕುಕ್ಕಿದಾಗ ಪೂರ್ತಿ ಕುಸಿಯುತ್ತದೆ, ಆದ್ದರಿಂದ ಟಿ.ವಿ. ಪೆಟ್ಟಿಗೆಯಲ್ಲಿ ಬರುವಂತಹ ಗಟ್ಟಿ ಫೋಮನ್ನು ಕೊಡದ ಆಕಾರಕ್ಕೆ ಕತ್ತರಿಸಿ. ಮೆಟ್ಟಿಲುಗಳ ಎದುರಿನ ಮುಚ್ಚಳದ ಸ್ಪಂಜನ್ನು ಕಿತ್ತುಹಾಕಿ. ಸೋರೆಬುರುಡೆಯನ್ನು ತಿರುಗಿಸಿ ಬಿಚ್ಚಿ, ಅಳತೆಗೆ ಕೂಡಿದರೆ ಕೈಚೀಲದಲ್ಲಿ ಜೊತೆಗೇ ಒಯ್ಯಿರಿ.

ಬಳಿಕ ಮುಚ್ಚಳದ ಒಳಮೈಗೂ ಯಾಳಿಯ ಕಡೆಯ ಗೋಡೆಗೂ ಸೀಮೆಸುಣ್ಣದ ಪುಡಿ ಸವರಿ, ಪೆಟ್ಟಿಗೆ ಮುಚ್ಚಿ, ನಾಲ್ಕೂ ಕಡೆ ನಿಧಾನವಾಗಿ ವಾಲಿಸಿ ತೆರೆಯಿರಿ. ವೀಣೆಯ ಮೇಲೆ ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಿ ಒತ್ತಡವಿದೆ ಎಂದರ್ಥ.

ಗೌರಿಬಿದನೂರಿನ ಪಿಟೀಲು:
ನಿಯಮದ ವಿಷಯದಲ್ಲಿ ತಪ್ಪಾಯಿತು, ತಿದ್ದಿದ್ದಕ್ಕೆ ಧನ್ಯವಾದ. ಆದರೆ ತಂತಿಗಳನ್ನು ಪೂರ್ತಿ ಬಿಚ್ಚಿಬಿಡುವುದು ಒಳ್ಳೆಯದಲ್ಲವೇ?

ತುಮಕೂರಿನ ವೀಣೆ ರಿಪೇರಿ:
ವೀಣೆಯ ಕುದುರೆ ನಿಂತಿರುವುದೇ ತಂತಿಗಳ ಬಿಗಿಯಿಂದ, ಆದ್ದರಿಂದ ಪೂರ್ತಿ ಬಿಚ್ಚಿದರೆ ಅದು ಸರಿದು ಕೊಡದ ಹಲಗೆಯನ್ನು ಗೀರುತ್ತದೆ. ನಾನು ಮೂರು ಸ್ವರದಷ್ಟು ಇಳಿಸಿ, ಕುದುರೆಯ ಸುತ್ತ ಹತ್ತಿಬಟ್ಟೆ ಕಟ್ಟುತ್ತೇನೆ. ಪೂರ್ತಿ ಬಿಚ್ಚಿ ಕುದುರೆಯನ್ನೇ ತೆಗೆದಿಡುವವರೂ ಇದ್ದಾರೆ. ತಲುಪಿದ ಮೇಲೆ ಅದನ್ನು ಮತ್ತೆ ಸರಿಯಾಗಿ ಕೂರಿಸಲು ಬಲ್ಲವರಿಗೆ ಅದೂ ಸರಿಯೇ.

ಇಳಿದ ಕೂಡಲೇ, ನಿಲ್ದಾಣ ಬಿಡುವ ಮೊದಲು ಪೆಟ್ಟಿಗೆ ತೆರೆದು ನೋಡಿ. ಹಾನಿಯಿದ್ದರೆ ಅಲ್ಲೇ ದೂರು ಬರೆಸಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜು ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ಕೊಡದಿದ್ದರೆ ಪರಿಹಾರದ ಹಕ್ಕು ಹೋಗುತ್ತದೆ.

ತಿಪಟೂರಿನ ವೀಣಾಭ್ಯಾಸಿ:
ಕಂಪನಿಯವರು ಸೀಟಿನ ಮೇಲೆ ಇಷ್ಟು ಎತ್ತರ ಒಪ್ಪುವುದಿಲ್ಲ ಎಂದರು, ಹಾಗಾಗಿ ಲಗೇಜಿಗೇ ಹಾಕುತ್ತೇನೆ. ನೀವು ಹೇಳಿದ ಪರೀಕ್ಷೆ ಮಾಡಿದೆ. ಬಿಳಿ ಹತ್ತಿದ್ದು ಎರಡೇ ಕಡೆ, ಯಾಳಿಯ ಮೂತಿಗೆ ಮತ್ತು ಸರಿಯಾಗಿ ಆ ಐದು ಮೆಟ್ಟಿಲುಗಳ ಮೇಲಿನ ತಂತಿಗಳಿಗೆ. ಮೂತಿಯ ಕಡೆಯ ಫೋಮು ಕತ್ತರಿಸಿ, ಮುಚ್ಚಳದ ಸ್ಪಂಜು ಕಿತ್ತ ಮೇಲೆ ಎರಡನೆಯ ಸಲ ಎಲ್ಲೂ ಹತ್ತಲಿಲ್ಲ. ದೋಹಾದ ಆಗಸ್ಟ್ ಬಿಸಿಲಿಗೆ ಮೇಣವನ್ನು ಇನ್ನಷ್ಟು ಗಟ್ಟಿ ಮಾಡಿಸಲೇ?

ತುಮಕೂರಿನ ವೀಣೆ ರಿಪೇರಿ:
ಆ ವಿಷಯದಲ್ಲಿ ನನಗೇ ಅನುಮಾನವಿದೆ. ಗಟ್ಟಿ ಮಾಡಿದ ಮೇಣ ಬಿಸಿಲನ್ನು ತಡೆದರೂ ನ್ಯೂಯಾರ್ಕ್‌ನ ಚಳಿಗಾಲದಲ್ಲಿ ಬಿರುಕು ಬಿಡಬಹುದು. ವಾಪಸ್ ಬರುವುದು ಯಾವ ತಿಂಗಳು?