ಅಪ್‌ಡೇಟ್: ಹೋಲ್‌ಸೇಲ್ ಕುರ್ತಿ ಕ್ಯಾಟಲಾಗ್, ಕೊನೆಗೆ ಹೀಗೆ ಮಾಡಿದೆ

ನಾನು ಕೇಳಿದ್ದು: "ಹಾಸನದಲ್ಲಿ ಕುರ್ತಿ ಹೋಲ್‌ಸೇಲ್ ಇದೆ. ಕ್ಯಾಟಲಾಗ್‌ನಲ್ಲಿ ಬಣ್ಣದ ಪ್ರಕಾರ ಜೋಡಿಸಲಾ, ರೇಟಿನ ಪ್ರಕಾರವಾ?"

ಬರೀ ಬಣ್ಣ, ಬರೀ ರೇಟು ಎರಡೂ ಬಿಟ್ಟೆ. ಮೊದಲು ಬಟ್ಟೆ (ರೇಯಾನ್, ಕಾಟನ್), ಅದರೊಳಗೆ ರೇಟು. ಒಂದೇ ರೇಟಿನ ಡಿಸೈನ್‌ಗಳೆಲ್ಲ ಒಂದೇ ಪುಟದಲ್ಲಿವೆ, ರೇಟು ಪುಟದ ಮೇಲೆ ಒಂದೇ ಸಲ ಇದೆ. ಹಾಗಾಗಿ ರೇಟು ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು, ಫೋಟೋ ಮುಟ್ಟಬೇಕಿಲ್ಲ. ಫೋಟೋ ಕೆಳಗೆ ಡಿಸೈನ್ ನಂಬರ್ ಮಾತ್ರ.

ಜಾಸ್ತಿ ತಲೆನೋವು ಸೆಟ್‌ದೇ. ಬೇಲೂರು, ಸಕಲೇಶಪುರದ ಅಂಗಡಿಯವರು ಪೀಸ್ ರೇಟು ನೋಡಿ "ಎಕ್ಸ್‌ಎಲ್ ಎರಡು ಕಳಿಸಿ" ಅಂತಾರೆ. ಸೆಟ್ ಒಡೆದರೆ ಉಳಿದ ಎಂ ಸೈಜ್ ನಮ್ಮ ತಲೆಗೇ ಅಲ್ವಾ! ಅದಕ್ಕೆ ಈಗ ಪುಟದ ಮೇಲೆ ಹೀಗೆ ಬರೆದಿದ್ದೇನೆ: ಪೀಸ್ 240, ಸೆಟ್‌ಗೆ 4 ಪೀಸ್ (ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದು), ಸೆಟ್ 960, ಜಿಎಸ್‌ಟಿ 5% ಸೇರಿ 1,008 ರೂಪಾಯಿ. ಸಾಗಾಣಿಕೆ ಬೇರೆ.

ಆರ್ಡರ್‌ಗೆ ಡಿಸೈನ್ ನಂಬರ್, ಎಷ್ಟು ಸೆಟ್, ಇಷ್ಟೇ ವಾಟ್ಸಾಪ್ ಮಾಡಿ ಅಂತ ಕೊನೆಯ ಪುಟದಲ್ಲಿ ಒಂದು ಮಾದರಿಯನ್ನೂ ಕೊಟ್ಟೆ. ಸ್ಟಾಕ್ ಮುಗಿದ ನಂಬರನ್ನು ಹೊಸ ಡಿಸೈನ್‌ಗೆ ಮತ್ತೆ ಕೊಡುವುದಿಲ್ಲ, ಯಾಕಂದ್ರೆ ಹಳೇ ಪಿಡಿಎಫ್ ಇನ್ನೂ ಎಲ್ಲರ ಫೋನಿನಲ್ಲಿ ಓಡಾಡ್ತಾ ಇರುತ್ತದೆ.